ಬೆಲೆ ಏರುವಾಗ ಸೂಪರ್‌ಟ್ರೆಂಡ್ ಗೆರೆ ಕೆಳಗಿಳಿಯುವುದು ಸರಿಯಾ?

ಹೊಸಗೆರೆ: 10 ದಿನದ ಎಟಿಆರ್, ಅಂದರೆ ದಿನದ ಏರಿಳಿತದ ಸರಾಸರಿ, 3 ಪಟ್ಟು ಇಟ್ಟು ಟ್ರೆಂಡ್ ತೋರಿಸುವ ಸೂಪರ್‌ಟ್ರೆಂಡ್ ನಾನೇ ಬರೆದೆ. ಹೈ 104, ಲೋ 98, ಎಟಿಆರ್ 3 ಇದ್ದ ದಿನ ಹಸಿರು ಗೆರೆ 94ರಿಂದ 92ಕ್ಕೆ ಇಳಿಯಿತು. ಟ್ರೆಂಡ್ ಇನ್ನೂ ಮೇಲ್ಮುಖ. ಎಟಿಆರ್ ತಪ್ಪಿದೆಯಾ?

ಹಳೇಚಾರ್ಟ್: ಹೌದು, ಸಾದಾ ಸರಾಸರಿ ಹಾಕಿರುತ್ತೀರಿ. ವೈಲ್ಡರ್ ರೀತಿಯಲ್ಲಿ ಹಳೇ ಎಟಿಆರ್ 9 ಪಾಲು, ಇವತ್ತಿನ ರೇಂಜ್ 1 ಪಾಲು. ಹಾಗೆ ಹಾಕಿ, ಗೆರೆ ನಿಲ್ಲುತ್ತದೆ.

ಕೀಲಿಕೈ: ಯಾವ ಸರಾಸರಿ ಹಾಕಿದರೂ ನಿಲ್ಲಲ್ಲ. ಹೈ, ಲೋ ನಡುವೆ 101, ಅದರಲ್ಲಿ 9 ಕಳೆದರೆ 92. ಲೆಕ್ಕ ಸರಿಯಾಗಿದೆ, ಆದರೆ ಅದು ಹಸಿ ಬ್ಯಾಂಡ್ ಅಷ್ಟೇ. ಹಳೇ ಗೆರೆಗಿಂತ ಮೇಲಿದ್ದರೆ ಮಾತ್ರ ಅದನ್ನು ತಗೋಬೇಕು. ಇಲ್ಲದಿದ್ದರೆ 94 ಹಾಗೇ ಉಳಿಯಬೇಕು. ಇಲ್ಲಿ `bl` ಹಸಿ ಬ್ಯಾಂಡ್, `fl` ಕೆಳಗಿನ ಗೆರೆ.

```
if bl > fl[i-1] or close[i-1] < fl[i-1]:
    fl[i] = bl
else:
    fl[i] = fl[i-1]
```

`or` ಆಚೆಗಿನ ಭಾಗ ಬಿಡಬೇಡಿ. ಬಿಟ್ಟರೆ ಬೆಲೆ 80ಕ್ಕೆ ಕುಸಿದು ಮತ್ತೆ 89ಕ್ಕೆ ಎದ್ದು ಹಸಿರಾದರೂ ಕೆಳಗಿನ ಗೆರೆ 94ರಲ್ಲೇ ಅಂಟಿಕೊಂಡಿರುತ್ತದೆ. ತಕ್ಷಣ ಮತ್ತೆ ಕೆಂಪಾಗುತ್ತದೆ.

ಹಳೇಚಾರ್ಟ್: "ಯಾವ ಸರಾಸರಿ ಹಾಕಿದರೂ" ಅಂತ ಹೇಗೆ ಹೇಳುತ್ತೀರಿ? ದಿನಾ ರೇಂಜ್ 2, ಒಂದು ದಿನ ಮಾತ್ರ 12. ಅವತ್ತು ಎರಡೂ ಲೆಕ್ಕದಲ್ಲಿ ಎಟಿಆರ್ 3. ಮುಂದಿನ ಹತ್ತನೇ ದಿನ ಆ 12 ಹೊರಬಿದ್ದು ಸಾದಾ ಸರಾಸರಿ ಒಮ್ಮೆಲೇ 2ಕ್ಕೆ ಬರುತ್ತದೆ. ವೈಲ್ಡರ್ ಲೆಕ್ಕ 2.35ರಲ್ಲಿರುತ್ತದೆ. ಬೆಲೆ ಅಲುಗಾಡದಿದ್ದರೂ ನಿಮ್ಮ ಬ್ಯಾಂಡ್ 3 ಅಂಕ ಮೇಲೆ ಜಿಗಿಯುತ್ತದೆ!

ಕೀಲಿಕೈ: ಜಿಗಿಯುವುದು ಹಸಿ ಬ್ಯಾಂಡ್. ಆ ದೊಡ್ಡ ದಿನಕ್ಕೂ ಮುಂಚೆಯೇ ಗೆರೆ ಅಷ್ಟು ಮೇಲೆ ಹೋಗಿದ್ದರೆ ಅಲ್ಲಾಡುವುದೇ ಇಲ್ಲ. ಅವರ ಪ್ರಶ್ನೆ ಗೆರೆ ಇಳಿದದ್ದರ ಬಗ್ಗೆ.

ಹಳೇಚಾರ್ಟ್: "ಹೋಗಿದ್ದರೆ" ತಾನೇ? ಹೋಗಿರದಿದ್ದರೆ? ಸ್ಟಾಪ್ ಸುಮ್ನೆ ಬಿಗಿಯಾಗುತ್ತದೆ. ನಾನು ವೈಲ್ಡರ್ ಬರೆದ 1978ರ ಪುಸ್ತಕದ ಲೆಕ್ಕ ಹೇಳುತ್ತಿದ್ದೇನೆ.

ಕೀಲಿಕೈ: ಆ ಪುಸ್ತಕದಲ್ಲಿ ಎಟಿಆರ್ ಇದೆ, ಸೂಪರ್‌ಟ್ರೆಂಡ್ ಇಲ್ಲ. ಕೀಲಿ ಇರುವುದು ಆ `if` ಸಾಲಿನಲ್ಲಿ.

ಸಂಜೆಬೆಲೆ: ನೀವಿಬ್ಬರೂ ಸರಾಸರಿ ಹಿಡಿದುಕೊಂಡು ಕೂತಿದ್ದೀರಿ. ನಾನು ಗೆರೆಯ ಮೇಲೆ ಸ್ಟಾಪ್ ಆರ್ಡರ್ ಇಟ್ಟಿದ್ದೆ. ಮಧ್ಯಾಹ್ನ ಬೆಲೆ ಗೆರೆ ದಾಟಿ ಕೆಳಗಿಳಿಯಿತು, ನನ್ನದು ಮಾರಾಟವಾಯಿತು. ಸಂಜೆ ನೋಡಿದರೆ ಗೆರೆ ಇನ್ನೂ ಹಸಿರು! ಸೂಚಕವೇ ಸುಳ್ಳು.

ಕೀಲಿಕೈ: ಸುಳ್ಳಲ್ಲ. ಬಣ್ಣ ಬದಲಾಗುವುದು ಮುಕ್ತಾಯದ ಬೆಲೆ ಗೆರೆ ದಾಟಿದಾಗ. ಲೋ ತಾಗಿದರೆ ಸಾಲದು. ಆರ್ಡರ್ ಪ್ರತಿ ಬೆಲೆಯನ್ನೂ ನೋಡುತ್ತದೆ. ಹಿಂದಿನ ಡೇಟಾದಲ್ಲಿ ಪರೀಕ್ಷೆ ಮಾಡಿದ್ದು ಮುಕ್ತಾಯದ ಲೆಕ್ಕದಲ್ಲಾದರೆ ಹೊರಬರುವುದೂ ಮುಕ್ತಾಯದಲ್ಲೇ ಇರಬೇಕು.

ಸಂಜೆಬೆಲೆ: ಮುಕ್ತಾಯದವರೆಗೆ ಕಾದು ಇನ್ನೂ ಜಾಸ್ತಿ ಕಳೆದುಕೊಳ್ಳಬೇಕಾ? ಆಮೇಲೆ ಇದನ್ನು ಸ್ಟಾಪ್ ಅಂತ ಯಾಕೆ ಕರೆಯುತ್ತೀರಿ?

ಹೊಸಗೆರೆ: ಆ ಸಾಲು ಹಾಕಿದೆ, 94ರಲ್ಲೇ ನಿಂತಿತು. ಆದರೆ ಚಾರ್ಟ್ ಆ್ಯಪ್ 94.6 ತೋರಿಸುತ್ತಿದೆ.

ಹಳೇಚಾರ್ಟ್: ನೋಡಿದಿರಾ? ಸರಾಸರಿ!

ಕೀಲಿಕೈ: ಅಥವಾ ಆ್ಯಪ್ ಎಷ್ಟೋ ದಿನ ಹಿಂದಿನಿಂದ ಲೆಕ್ಕ ಶುರು ಮಾಡಿರುತ್ತದೆ. ನಿಮ್ಮ ಡೇಟಾ ಎಷ್ಟು ದಿನದ್ದು, ಹೊಸಗೆರೆ?