ಸಹಾಯ ಬೇಕು: ಕಾರಿನ ಫೋಟೋ ಕಟ್ ಮಾಡಿದೆ, ಗಾಜಿನ ಹತ್ತಿರ ಸಿಕ್ಕಿಬಿದ್ದಿದ್ದೇನೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಹಳೆ ಕಾರು ಮಾರುವವರೊಬ್ಬರು ಕೆಂಪು ಸ್ವಿಫ್ಟ್‌ನ ಫೋಟೋ ಕೊಟ್ಟಿದ್ದಾರೆ. ನಾಳೆ ಸಂಜೆಯೊಳಗೆ ಬಿಳಿ ಹಿನ್ನೆಲೆಯಲ್ಲಿ ಜಾಹೀರಾತಿಗೆ ಬೇಕು.

GIMP ಬಳಸುತ್ತಿದ್ದೇನೆ. Paths ಟೂಲ್‌ನಲ್ಲಿ ಬಾಡಿ ಸುತ್ತ ಗೆರೆ ಎಳೆದೆ. ಅಂಚಿನಿಂದ ಒಂದು ಪಿಕ್ಸೆಲ್ ಒಳಗೇ ಹೋದದ್ದರಿಂದ ಬಾಡಿ ಚೆನ್ನಾಗಿ ಬಂತು. ಟಯರಿನ ಕೆಳಗಿನ ನೆರಳನ್ನೂ ಉಳಿಸಿಕೊಂಡೆ, ಇಲ್ಲದಿದ್ದರೆ ಕಾರು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ ಅಲ್ವಾ.

ಕಷ್ಟ ಇರುವುದು ಗಾಜಿನಲ್ಲಿ. ಈ ಕಡೆಯ ಕಿಟಕಿಯೊಳಗಿಂದ ಆ ಕಡೆ ನಿಲ್ಲಿಸಿದ ನೀಲಿ ಕಾರು ಕಾಣುತ್ತದೆ. ಗಾಜನ್ನು ಪೂರ್ತಿ ತೆಗೆದರೆ ತೂತಿನ ಹಾಗಾಗುತ್ತದೆ, ಸೀಟು, ಸ್ಟೇರಿಂಗ್ ಎಲ್ಲ ಮಾಯ. Layer Mask ಮೇಲೆ ಗಾಜಿನ ಜಾಗಕ್ಕೆ ಅರ್ಧ ಬೂದು ಬಣ್ಣ ತುಂಬಿದೆ. ಆಗ ಸೀಟೂ ಮಸುಕಾಯಿತು, ನೀಲಿಯೂ ಪೂರ್ತಿ ಹೋಗಲಿಲ್ಲ. ಸೀಟನ್ನು ಬಿಟ್ಟು, ಆಚೆ ಕಾಣುವ ಭಾಗಕ್ಕೆ ಮಾತ್ರ ಬೇರೆ ಪಾತ್ ಎಳೆದು, ಬೇರೆ ಲೇಯರ್‌ನಲ್ಲಿ Desaturate ಮಾಡಿದೆ. ಬಣ್ಣ ಹೋಯಿತು. ಆದರೆ ಆ ಕಾರಿನ ಬಾನೆಟ್ ಗೆರೆ ಈಗಲೂ ಎದ್ದು ಕಾಣುತ್ತದೆ. ಅಲ್ಲಿ ತಿಳಿ ಬೂದು ಗ್ರೇಡಿಯಂಟ್ ತುಂಬಿ, ಗಾಜಿನ ಹೊಳಪನ್ನು ಮೇಲೆ ತರುವುದು ಹೇಗೆ?

ಇನ್ನೊಂದು, ಸೈಡ್ ಮಿರರ್. ಮಿರರಿಗೂ ಬಾಗಿಲಿಗೂ ನಡುವಿನ ಸಣ್ಣ ಸಂದಿಯಲ್ಲಿ ಹಿಂದಿನ ತಗಡಿನ ಶೆಡ್ ಉಳಿದಿತ್ತು, ತೆಗೆದೆ. ಆದರೆ ಮಿರರ್ ಗಾಜಿನೊಳಗೆ ಪಕ್ಕದ ಕಾರುಗಳ ಸಾಲೇ ಇದೆ. ಅದನ್ನು ಮಬ್ಬು ಮಾಡಿದರೆ ಸಾಕೇ?

ಬಾಗಿಲ ಮೇಲಿನ ಗೀರನ್ನು ಮಾತ್ರ ಮುಟ್ಟುವುದಿಲ್ಲ. ಕೊಳ್ಳುವವರಿಗೆ ಅದು ಕಾಣಲೇಬೇಕು. ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.