ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗೋದು ಹೇಗೆ?

ದಾವಣಗೆರೆ ಹುಡುಗಿ: ಅಮ್ಮನಿಗೆ 64 ವರ್ಷ. ಎಡ ಮಂಡಿ ಬದಲಾಯಿಸಿ ಹನ್ನೆರಡು ದಿನ ಆಯಿತು. ಮೀನಖಂಡ ಊದಿ ಬಿಸಿಯಾಗಿತ್ತು. ಡಾಪ್ಲರ್ ಸ್ಕ್ಯಾನ್ ಮಾಡಿ, ಮಂಡಿಯ ಹಿಂದೆ ರಕ್ತ ಹೆಪ್ಪುಗಟ್ಟಿದೆ ಎಂದು ಮಾತ್ರೆ ಕೊಟ್ಟರು. "ಶ್ವಾಸಕೋಶಕ್ಕೆ ಹೋಗಬಹುದು, ಹುಷಾರು" ಎಂದರು, ಅಷ್ಟೇ. ಕಾಲೆಲ್ಲಿ, ಶ್ವಾಸಕೋಶ ಎಲ್ಲಿ? ಅತ್ತೆ ಎಣ್ಣೆ ಹಚ್ಚಿ ತಿಕ್ಕಿದರೆ ಕರಗುತ್ತೆ ಅಂತಾರೆ. ತಿಕ್ಕಬಹುದಾ?

ಬೆಳ್ಳುಳ್ಳಿ ಒಗ್ಗರಣೆ: ನನಗೂ ಇದೇ ಇದೆ. ಕಾಲಲ್ಲಿ ನೀಲಿ ನರ ಗಂಟುಗಂಟಾಗಿ ಕಾಣುತ್ತೆ. ಹತ್ತು ವರ್ಷದಿಂದ ಏನೂ ಆಗಿಲ್ಲ, ಹೆದರಬೇಡಿ.

ಸ್ಕ್ಯಾನಿಂಗ್ ರೂಮಿನವ: ಒಗ್ಗರಣೆ ಅಕ್ಕಾ, ನಿಮ್ಮದು ವೆರಿಕೋಸ್. ಅದು ಚರ್ಮದ ಕೆಳಗಿನ ನರ. ಇವರ ಅಮ್ಮನದು ಮಾಂಸದ ಒಳಗಿನ ದೊಡ್ಡ ರಕ್ತನಾಳ, ಮೇಲಿಂದ ಕಾಣಲ್ಲ.

ತಿಕ್ಕಬೇಡಿ ಅನ್ನೋದು ಮೊದಲ ಮಾತು. ಯಾಕೆ ಅಂತ ಹೇಳುತ್ತೇನೆ. ಡಾಪ್ಲರ್‌ನಲ್ಲಿ ನಾವು ಪ್ರೋಬ್‌ನಿಂದ ಕಾಲನ್ನು ಒತ್ತುತ್ತೇವೆ. ಒಳ್ಳೆಯ ನಾಳ ಒತ್ತಿದರೆ ಚಪ್ಪಟೆ ಆಗುತ್ತೆ. ಹೆಪ್ಪು ಇದ್ದರೆ ಆಗಲ್ಲ, ಗುಂಡಗೇ ಇರುತ್ತೆ. ಕೆಲವರಲ್ಲಿ ಹೆಪ್ಪಿನ ಬುಡ ಗೋಡೆಗೆ ಅಂಟಿರುತ್ತೆ, ತುದಿ ಮಾತ್ರ ಬಾಲದ ಹಾಗೆ ರಕ್ತದಲ್ಲಿ ಅಲ್ಲಾಡುತ್ತಿರುತ್ತೆ. ಅದು ಕಂಡರೆ ನಾನು ಆ ಜಾಗ ಮತ್ತೆ ಒತ್ತಲ್ಲ. ಹೊಸ ಹೆಪ್ಪು ಮೆತ್ತಗಿರುತ್ತೆ, ತುಂಡಾಗೋದು ಸುಲಭ.

ತುಂಡಾದರೆ ಎಲ್ಲಿಗೆ ಹೋಗುತ್ತೆ? ನೀವು ದಾವಣಗೆರೆಯವರು, ಭದ್ರಾ ನಾಲೆ ನೋಡಿರುತ್ತೀರಿ. ಕಾಲಿನಿಂದ ಹೃದಯದವರೆಗೆ ದಾರಿ ಹಳ್ಳ ಹೊಳೆ ಸೇರಿದ ಹಾಗೆ. ಮಂಡಿ ಹಿಂದಿನ ನಾಳ ತೊಡೆಗೆ, ತೊಡೆಯದು ಹೊಟ್ಟೆಯೊಳಗಿನ ದೊಡ್ಡ ನಾಳಕ್ಕೆ. ಮೇಲೆ ಹೋದಷ್ಟೂ ಅಗಲ. ಹಾಗಾಗಿ ತುಂಡು ಎಲ್ಲೂ ಸಿಕ್ಕಿಕೊಳ್ಳದೆ ಹೃದಯದ ಬಲಭಾಗ ಸೇರುತ್ತೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವಾಗ ದಾರಿ ಉಲ್ಟಾ. ದೊಡ್ಡ ನಾಲೆ, ಉಪನಾಲೆ, ಹೊಲದ ಕಾಲುವೆ ಅಂತ ಕವಲೊಡೆದು ಸಣ್ಣದಾಗುತ್ತೆ. ತನಗಿಂತ ಕಿರಿದಾದ ಕವಲು ಬಂದಲ್ಲಿ ತುಂಡು ಕೂತುಬಿಡುತ್ತೆ. ಅದರ ಮುಂದಿನ ಭಾಗಕ್ಕೆ ಗಾಳಿ ಬರುತ್ತೆ, ರಕ್ತ ಬರಲ್ಲ. ತುಂಡು ದೊಡ್ಡದಾದರೆ ಹೃದಯದ ಬಲಭಾಗ ತಳ್ಳಿ ತಳ್ಳಿ ಸೋಲುತ್ತೆ. ಪ್ರಾಣ ಹೋಗೋದು ಬಹಳಷ್ಟು ಸಲ ಹೀಗೆ.

ನಿವೃತ್ತ ಮೇಷ್ಟ್ರು: ಹೆಪ್ಪು ಹೃದಯಕ್ಕೆ ಹೋದರೆ ಹಾರ್ಟ್ ಅಟ್ಯಾಕ್, ಮೆದುಳಿಗೆ ಹೋದರೆ ಲಕ್ವ. ಅಮ್ಮನನ್ನು ಹಾಸಿಗೆಯಿಂದ ಏಳಿಸಲೇಬೇಡಿ. ಕೊಟ್ಟ ಮಾತ್ರೆ ಕರಗಿಸುತ್ತೆ.

ಸ್ಕ್ಯಾನಿಂಗ್ ರೂಮಿನವ: ಮೇಷ್ಟ್ರೇ, ಹೆಪ್ಪು ಅಪಾಯ ಅನ್ನೋದು ಸರಿ, ದಾರಿ ತಪ್ಪು. ಹಾರ್ಟ್ ಅಟ್ಯಾಕ್ ಹೃದಯದ ಸ್ವಂತ ರಕ್ತನಾಳದ ತೊಂದರೆ. ಕಾಲಿನ ಹೆಪ್ಪನ್ನು ಶ್ವಾಸಕೋಶವೇ ಜರಡಿಯ ಹಾಗೆ ತಡೆಯುತ್ತೆ. ಹೃದಯದ ಗೋಡೆಯಲ್ಲಿ ತೂತು ಇದ್ದ ಕೆಲವರಲ್ಲಿ ಮಾತ್ರ ಮೆದುಳಿಗೆ ಹೋಗಬಹುದು. ಮಾತ್ರೆಯೂ ಕರಗಿಸಲ್ಲ. ಹೆಪ್ಪು ಬೆಳೆಯದಂತೆ ತಡೆಯುತ್ತೆ ಅಷ್ಟೇ, ಕರಗಿಸೋದು ದೇಹ, ನಿಧಾನಕ್ಕೆ. ಮಲಗಿಸಿಯೇ ಇಡೋದು ಹಳೇ ಕಾಲದ ಮಾತು. ಮೀನಖಂಡದ ಸ್ನಾಯು ಹಿಂಡಿದರೇನೇ ರಕ್ತ ಮೇಲಕ್ಕೆ ಹೋಗೋದು. ಮಾತ್ರೆ ಶುರುವಾಗಿ, ಡಾಕ್ಟರು ನಡೆಯಿರಿ ಅಂದಿದ್ದರೆ ನಡೆಸಿ.

ಮಳೆಗಾಲ: ನನ್ನ ಕಥೆ ಹೇಳುತ್ತೇನೆ. ಪಾದ ಮುರಿದು ಪ್ಲಾಸ್ಟರ್ ಹಾಕಿದ್ದರು. ಮೂರನೇ ವಾರ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಪಕ್ಕೆಯಲ್ಲಿ ಚುಚ್ಚು, ಉಸಿರು ಎಳೆದಾಗ ಮಾತ್ರ. ಗ್ಯಾಸ್ ಅಂತ ಎರಡು ದಿನ ಜೀರಿಗೆ ನೀರು ಕುಡಿದೆ. ಹತ್ತಿರದ ಕ್ಲಿನಿಕ್ಕಿನವರೂ ಗ್ಯಾಸ್ ಎಂದರು. ಮೂರನೇ ದಿನ ಬಚ್ಚಲಲ್ಲಿ ತಲೆ ತಿರುಗಿ ಬಿದ್ದೆ. ಆಸ್ಪತ್ರೆಯಲ್ಲಿ ನಾಡಿ 124, ಬೆರಳಿನ ಮೆಷಿನ್‌ನಲ್ಲಿ ಆಕ್ಸಿಜನ್ 90. ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದಾಗ ಎರಡೂ ಕಡೆ ಶ್ವಾಸಕೋಶದಲ್ಲಿ ಹೆಪ್ಪು. ನನ್ನ ಕಾಲು ಊದಿದ್ದೇ ಗೊತ್ತಾಗಿರಲಿಲ್ಲ, ಪ್ಲಾಸ್ಟರ್ ಒಳಗಿತ್ತಲ್ವಾ. ಅಮ್ಮನಿಗೆ ಇಂಥದ್ದು ಏನಾದರೂ ಶುರುವಾದರೆ, ಕೆಮ್ಮಿದಾಗ ರಕ್ತ ಬಂದರೆ, ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ದಾವಣಗೆರೆ ಹುಡುಗಿ: ಓದಿ ಕೈ ನಡುಗಿತು. ಮಾತ್ರೆ ರಿವರಾಕ್ಸಬಾನ್ 15 ಮಿ.ಗ್ರಾಂ., ದಿನಕ್ಕೆ ಎರಡು. ಎಷ್ಟು ದಿನ?

ಸ್ಕ್ಯಾನಿಂಗ್ ರೂಮಿನವ: ಚೀಟಿ ನೋಡಿ. ಸಾಮಾನ್ಯವಾಗಿ ಮೂರು ವಾರ ಹೀಗೆ, ಆಮೇಲೆ 20 ಮಿ.ಗ್ರಾಂ. ಮಾತ್ರೆ, ದಿನಕ್ಕೆ ಒಂದೇ. ಊಟದ ಜೊತೆಗೇ ಕೊಡಿ, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಿಕೊಳ್ಳಲ್ಲ. ಊತ ಇಳಿಯಿತು ಅಂತ ನಿಲ್ಲಿಸಬೇಡಿ. ಮಂಡಿ ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ಕೊಡಬೇಡಿ, ಎರಡೂ ಸೇರಿದರೆ ರಕ್ತಸ್ರಾವ ಜಾಸ್ತಿ.

ಮಳೆಗಾಲ: ನನಗೆ ಆರು ತಿಂಗಳು ಕೊಟ್ಟರು.

ಸ್ಕ್ಯಾನಿಂಗ್ ರೂಮಿನವ: ಆಪರೇಷನ್ ಅಂಥ ಕಾರಣ ಗೊತ್ತಿದ್ದರೆ ಮೂರು ತಿಂಗಳು ಸಾಕು ಅನ್ನೋರೇ ಜಾಸ್ತಿ. ನಿಮಗೆ ಯಾಕೆ ಆರು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಕಾಲು ಬಿಗಿ ಹಿಡಿಯೋ ಉದ್ದ ಸಾಕ್ಸ್ ಹಾಕೋ ವಿಷಯದಲ್ಲೂ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ.

ಬೆಳ್ಳುಳ್ಳಿ ಒಗ್ಗರಣೆ: ಹಾಗಾದರೆ ನನ್ನ ನೀಲಿ ನರಕ್ಕೂ ಡಾಪ್ಲರ್ ಮಾಡಿಸಲಾ?

ದಾವಣಗೆರೆ ಹುಡುಗಿ: ಟೇಪ್ ಹಿಡಿದು ಅಳತೆ ಮಾಡಿದೆ. ಎಡ ಮೀನಖಂಡ 38 ಸೆಂ.ಮೀ., ಬಲ 34. ನಾಳೆಯಿಂದ ಬೆಳಗ್ಗೆ ಅದೇ ಜಾಗದಲ್ಲಿ ಪೆನ್ನಿನ ಗುರುತು ಇಟ್ಟು ಬರೆದಿಡುತ್ತೇನೆ. ಅತ್ತೆಗೆ ಓದಿ ಹೇಳಿದೆ. ಎಣ್ಣೆ ಬಾಟಲಿ ಒಳಗೆ ಇಟ್ಟರು, ಮುಖ ಮಾತ್ರ ಊದಿಸಿಕೊಂಡಿದ್ದಾರೆ.