ಪದಚರ್ಚೆ: ರ್ಯಾಗ್‌ಡಾಲ್ ಅದುರುವುದೋ, ಸಿಡಿಯುವುದೋ, ಎರಡಕ್ಕೂ ಒಂದೇ ಮಾತು ಸಾಕೋ?

ಸು.ನಾ., ಮೈಸೂರು

ಎಲ್ಲರಿಗೂ ನಮಸ್ಕಾರ.

ಯೂನಿಟಿಯಲ್ಲಿ ಗೇಮ್ ಮಾಡಲು ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ರ್ಯಾಗ್‌ಡಾಲ್ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಪಾತ್ರಕ್ಕೆ ಗುಂಡು ತಗುಲಿದ ಕೂಡಲೇ ಆ್ಯನಿಮೇಷನ್ ನಿಲ್ಲಬೇಕು, ಮೈಯೆಲ್ಲ ಫಿಸಿಕ್ಸ್ ವಶಕ್ಕೆ ಹೋಗಬೇಕು, ಪಾತ್ರ ಕುಸಿದು ಬೀಳಬೇಕು. ಆದರೆ ಹೊಸಬರು ಮಾಡಿದಾಗ ಹೀಗಾಗುವುದು ಕಡಿಮೆ. ಕೆಲವರದ್ದು ನೆಲಕ್ಕೆ ಬಿದ್ದ ಮೇಲೂ ತೊಡೆ, ಸೊಂಟ ನಡುಗುತ್ತಲೇ ಇರುತ್ತದೆ. ಇನ್ನು ಕೆಲವರದ್ದು ಆನ್ ಮಾಡಿದ ಕ್ಷಣವೇ ಕೈಕಾಲು ದಿಕ್ಕಾಪಾಲಾಗಿ ಹಾರಿಹೋಗುತ್ತವೆ.

ಮೊದಲನೆಯದಕ್ಕೆ ‘ಕಂಪನ’, ಎರಡನೆಯದಕ್ಕೆ ‘ಸ್ಫೋಟ’ ಎಂದು ಬರೆದೆ. ಕರಡು ಓದಿದ ಗೆಳತಿ ‘ಬಾಂಬ್ ಎಲ್ಲಿತ್ತು?’ ಎಂದು ಕೇಳಿದಳು. ಢಿಕ್ಕಿಯ ಲೆಕ್ಕಕ್ಕೆಂದು ಮೈಯ ಭಾಗಗಳಿಗೆ ಇಡುವ ಕಾಣದ ಆಕಾರಗಳಾದ ಕೊಲೈಡರ್‌ಗಳು ಒಂದರೊಳಗೊಂದು ಸೇರಿಕೊಂಡಿರುವುದಕ್ಕೆ ‘ಅತಿಕ್ರಮಣ’ ಎಂದಿದ್ದೆ, ಅದು ಸೈಟು ಒತ್ತುವರಿ ಕೇಸಿನ ಥರ ಕೇಳುತ್ತಿದೆ.

ಪದಕ್ಕಿಂತ ಮೊದಲಿನ ಅನುಮಾನ ಒಂದಿದೆ. ಇವೆರಡೂ ಒಂದೇ ತೊಂದರೆಯ ಸಣ್ಣ ರೂಪ, ದೊಡ್ಡ ರೂಪವೇ? ಹಾಗಿದ್ದರೆ ಒಂದೇ ಮಾತು ಸಾಕು. ಬೇರೆ ಬೇರೆಯಾದರೆ ಎರಡು ಬೇಕು. ತಿಳಿದವರು ಹೇಳಿ.

ಗೋ.ಭ., ಧಾರವಾಡ

ಸು.ನಾ. ಅವರೇ, ನನಗೆ ಕಂಪ್ಯೂಟರ್ ಆಟ ಗೊತ್ತಿಲ್ಲ, ಗೊಂಬೆಯಾಟ ಗೊತ್ತು. ಗೊಂಬೆ ಅದುರಿದರೆ ತಪ್ಪು ಗೊಂಬೆಯದಲ್ಲ, ಆಡಿಸುವವನ ಕೈ ನಡುಗುತ್ತಿರುತ್ತದೆ, ಇಲ್ಲವೇ ದಾರ ಗಂಟು ಬಿದ್ದಿರುತ್ತದೆ. ಆದ್ದರಿಂದ ‘ನಡುಕ’ ಎನ್ನಿ. ಹಳೆ ಬಟ್ಟೆಯದಾದರೆ ‘ಚಿಂದಿಗೊಂಬೆ’ ಎನ್ನಬಹುದು. ಒಂದರೊಳಗೊಂದು ಸೇರುವುದಕ್ಕೆ ನಮ್ಮಲ್ಲಿ ‘ಹಾಸುಹೊಕ್ಕು’ ಎಂಬ ಸೊಗಸಾದ ಮಾತು ಇದ್ದೇ ಇದೆಯಲ್ಲ!

ರಾ., ಬೆಂಗಳೂರು

ಎರಡೂ ಒಂದೇ ರೀ. ಸಾಲ್ವರ್‌ಗೆ ಲೆಕ್ಕ ಮುಗಿಸಲು ಪುರುಸೊತ್ತು ಸಾಲುವುದಿಲ್ಲ, ಅಷ್ಟೇ. `Default Solver Iterations` ಮೊದಲಿಗೆ 6 ಇರುತ್ತದೆ. ಅದನ್ನು 20 ಮಾಡಿ. ನಮ್ಮ ಆಟದಲ್ಲಿ ಅಷ್ಟಕ್ಕೇ ಸರಿಹೋಯಿತು. ಎರಡಕ್ಕೂ ‘ಒದ್ದಾಟ’ ಎಂದು ಬರೆದುಬಿಡಿ.

ಮಂ., ಉಡುಪಿ

ರಾ. ಅವರ ಮಾತು ಅರ್ಧ ಸರಿ. 20 ಮಾಡಿದರೆ ನಡುಕ ಕಡಿಮೆಯಾಗುತ್ತದೆ, ನಿಜ. ಆದರೆ ಎಷ್ಟೇ ಸಲ ಲೆಕ್ಕ ಹಾಕಿದರೂ ಉತ್ತರವೇ ಇಲ್ಲದ ಲೆಕ್ಕ ಒಂದಿದೆ. ನಡುಕದ ಹಿಂದೆ ಸಾಮಾನ್ಯವಾಗಿ ಇರುವುದು ಅದೇ.

ಯೂನಿಟಿಯ ರ್ಯಾಗ್‌ಡಾಲ್ ವಿಝಾರ್ಡ್‌ಗೆ ಮೂಳೆಗಳನ್ನು ತೋರಿಸಿದರೆ ಅದು 11 ಭಾಗ ಮಾಡಿಕೊಡುತ್ತದೆ. ತೊಡೆಗೆ ಒಂದು ಕ್ಯಾಪ್ಸೂಲ್ ಆಕಾರದ ಕೊಲೈಡರ್ ಇಡುತ್ತದೆ. ಅದರ ತ್ರಿಜ್ಯ ಮೂಳೆಯ ಉದ್ದದ 0.3ರಷ್ಟು. ಸಾಧಾರಣ ಎತ್ತರದ ಪಾತ್ರದ ತೊಡೆ 42 ಸೆಂ.ಮೀ. ಇದ್ದರೆ ತ್ರಿಜ್ಯ ಸುಮಾರು 12.5 ಸೆಂ.ಮೀ. ಎರಡು ತೊಡೆ ಸೇರಿ 25. ಆದರೆ ಸೊಂಟದಲ್ಲಿ ಎರಡು ತೊಡೆಮೂಳೆಗಳ ನಡುವೆ ಇರುವ ದೂರ 18 ಸೆಂ.ಮೀ. ಎಂದುಕೊಳ್ಳಿ. ಅಂದರೆ ಆಟ ಶುರುವಾಗುವ ಮೊದಲೇ ಒಂದು ತೊಡೆ ಇನ್ನೊಂದರೊಳಗೆ 7 ಸೆಂ.ಮೀ. ಹೊಕ್ಕು ಕೂತಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಜಾಯಿಂಟ್‌ನಿಂದ ನೇರವಾಗಿ ಕೂಡಿದ ಎರಡು ಭಾಗಗಳು ಪರಸ್ಪರ ತಾಕುವುದನ್ನು ಯೂನಿಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾವಾಗಿ `Enable Collision` ಒತ್ತದಿದ್ದರೆ. ತೊಡೆ ಮತ್ತು ಸೊಂಟ ಹೀಗೆ ಬಚಾವ್. ಆದರೆ ಎಡತೊಡೆ, ಬಲತೊಡೆಗಳ ನಡುವೆ ಜಾಯಿಂಟ್ ಇಲ್ಲ. ಎರಡೂ ಸೊಂಟಕ್ಕೆ ಸೇರಿವೆ, ಒಂದಕ್ಕೊಂದು ಸೇರಿಲ್ಲ. ಹಾಗಾಗಿ ಫಿಸಿಕ್ಸ್ ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಢಿಕ್ಕಿಯ ಲೆಕ್ಕ ‘ದೂರ ಸರಿಯಿರಿ’ ಎನ್ನುತ್ತದೆ, ಜಾಯಿಂಟ್ ‘ಬಿಡುವುದಿಲ್ಲ’ ಎನ್ನುತ್ತದೆ. ಇಬ್ಬರಿಗೂ ಒಪ್ಪಿಗೆಯಾಗುವ ಜಾಗವೇ ಇಲ್ಲ. ಸೆಕೆಂಡಿಗೆ 50 ಸಲ ಇದೇ ಜಗಳ. ಇದು ‘ಅದುರುವುದು’. ಗುರುತು ಏನೆಂದರೆ, ನಿಲ್ಲುವುದಿಲ್ಲ.

ಹಾರಿಹೋಗುವುದು ಬೇರೆ. ನಡೆಯುವಾಗ ಗೋಡೆಗೆ ತಡೆಯಲೆಂದು ಪಾತ್ರದ ಸುತ್ತ ಒಂದು ದೊಡ್ಡ ಕ್ಯಾಪ್ಸೂಲ್ ಇರುತ್ತದೆ ಅಲ್ವಾ? ರ್ಯಾಗ್‌ಡಾಲ್ ಆನ್ ಮಾಡುವಾಗ ಅದನ್ನು ಆಫ್ ಮಾಡಲು ಮರೆತರೆ ಹನ್ನೊಂದೂ ಭಾಗ ಅದರ ಹೊಟ್ಟೆಯೊಳಗೆ. ಎಲ್ಲವನ್ನೂ ಒಂದೇ ಸಲ ಹೊರಗೆ ತಳ್ಳಲು ಎಂಜಿನ್ ನೋಡುತ್ತದೆ. 20 ಸೆಂ.ಮೀ. ಒಳಗಿದ್ದದ್ದನ್ನು 0.02 ಸೆಕೆಂಡಿನ ಒಂದು ಹೆಜ್ಜೆಯಲ್ಲಿ ತೆಗೆಯಬೇಕೆಂದರೆ ಸೆಕೆಂಡಿಗೆ 10 ಮೀಟರ್ ವೇಗ ಬೇಕು. ಯೂನಿಟಿ ಮೊದಲೇ ಇಟ್ಟಿರುವ ಮೇಲ್ಮಿತಿಯೂ ಅಷ್ಟೇ. ಆ ವೇಗದಲ್ಲಿ ನೇರ ಮೇಲಕ್ಕೆ ಹೋದ ವಸ್ತು 5 ಮೀಟರ್ ಏರುತ್ತದೆ. ತಲೆ ಒಂದು ಕಡೆ, ಕಾಲು ಒಂದು ಕಡೆ ಹೊರಟಾಗ ಜಾಯಿಂಟ್‌ಗಳಿಗೆ ಹಿಡಿಯಲು ಆಗದೆ ಮೈ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಇದಕ್ಕೆ ನಾನು ‘ಚಿಮ್ಮುವುದು’ ಎನ್ನುತ್ತೇನೆ. ಒಳಗೆ ಅದುಮಿಟ್ಟದ್ದು ಬಿಟ್ಟ ಕೂಡಲೇ ಹೊರಗೆ ಬರುವುದು ತಾನೇ? ಒಂದು ಸಲ ಆಗುತ್ತದೆ, ಮುಗಿಯುತ್ತದೆ.

ಆನ್ ಮಾಡುವ ಜಾಗದಲ್ಲಿ ನಾನು ಇಡುವುದು ಇಷ್ಟು:

```csharp
animator.enabled = false;
mainCapsule.enabled = false;
foreach (var rb in bodies)
{
    rb.maxDepenetrationVelocity = 1f;
    rb.isKinematic = false;
}
```

ವೇಗದ ಮಿತಿ 1ಕ್ಕೆ ಇಳಿಸಿದರೆ ಹೊಕ್ಕಿರುವ ಭಾಗ ಹೆಜ್ಜೆಗೆ 2 ಸೆಂ.ಮೀ.ನಂತೆ ನಿಧಾನ ಹೊರಗೆ ಬರುತ್ತದೆ. ಪಾತ್ರ ಗೋಡೆಗೆ ಒರಗಿ ಸತ್ತಾಗ ಇದು ತುಂಬ ಉಪಯೋಗ. ಆದರೆ ತೊಡೆಗಳ ಜಗಳಕ್ಕೆ ಇದು ಮದ್ದಲ್ಲ, ನಡುಕ ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ. ಅದಕ್ಕೆ ಕ್ಯಾಪ್ಸೂಲ್‌ನ ತ್ರಿಜ್ಯವನ್ನೇ 8 ಸೆಂ.ಮೀ.ಗೆ ಇಳಿಸಿ. ಎರಡು ಸೇರಿ 16, ನಡುವೆ 2 ಸೆಂ.ಮೀ. ಗಾಳಿ. ತೊಡೆ ಸಣಕಲು ಕಂಡರೆ ಕಾಣಲಿ, ಕೊಲೈಡರ್ ಆಟಗಾರನ ಕಣ್ಣಿಗೆ ಬೀಳುವುದಿಲ್ಲ. `Physics.IgnoreCollision` ಬರೆದು ಎರಡು ತೊಡೆಗಳ ಢಿಕ್ಕಿಯನ್ನೇ ತೆಗೆಯಬಹುದು, ಆದರೆ ಆಗ ಬಿದ್ದ ಪಾತ್ರದ ಕಾಲುಗಳು ಒಂದರೊಳಗೊಂದು ತೂರಿಕೊಂಡು ಮಲಗುತ್ತವೆ.

ಗೋ.ಭ. ಸರ್, ‘ಹಾಸುಹೊಕ್ಕು’ ನೇಯ್ಗೆಯ ಮಾತು, ಅಲ್ಲಿ ಎಳೆಗಳು ಸರಿಯಾದ ಜಾಗದಲ್ಲೇ ಇರುತ್ತವೆ. ಇಲ್ಲಿ ಇರಬಾರದ ಕಡೆ ಇವೆ. ನನ್ನ ಮಟ್ಟಿಗೆ ‘ಒಂದರೊಳಗೊಂದು ಹೊಕ್ಕಿವೆ’ ಎಂದರೆ ಸಾಕು.

ಗೋ.ಭ., ಧಾರವಾಡ

ಮಂ. ಅವರೇ, ನೇಯ್ಗೆಯ ಮಾತು ಒಪ್ಪಿದೆ. ಆದರೆ ‘ಆ್ಯನಿಮೇಟರ್’ ಎಂಬುವನನ್ನು ಮೊದಲು ಆಫ್ ಮಾಡಿದ್ದೀರಲ್ಲ, ಅವನೇ ನಾನು ಹೇಳಿದ ಆಡಿಸುವವನ ಕೈಯಲ್ಲವೇ?

ಮಂ., ಉಡುಪಿ

ಹೌದು ಸರ್! ನೀವು ಬೇರೇನೋ ಹೇಳಿದಿರಿ ಎಂದುಕೊಂಡೆ, ಅದೂ ಒಂದು ನಿಜವಾದ ಕಾರಣ. ಆ್ಯನಿಮೇಟರ್ ಆನ್ ಇದ್ದರೆ ಮೂಳೆಗಳನ್ನು ಅದು ತನ್ನ ಕಡೆ ಕೂರಿಸುತ್ತದೆ, ಫಿಸಿಕ್ಸ್ ತನ್ನ ಕಡೆ ಎಳೆಯುತ್ತದೆ. ಅಲ್ಲೂ ಅದುರುತ್ತದೆ.

ಸು.ನಾ., ಮೈಸೂರು

ಮಂ. ಮೇಡಂ, ತೊಡೆಯ ತ್ರಿಜ್ಯ ಇಳಿಸಿ ನೋಡಿದೆ. ನಿಂತಿರುವಾಗ ಆನ್ ಮಾಡಿದರೆ ಈಗ ತಣ್ಣಗೆ ಕುಸಿಯುತ್ತದೆ. ಆದರೆ ಓಡುತ್ತಿರುವಾಗ ಆನ್ ಮಾಡಿದರೆ ಒಂದು ಕಾಲು ಫಟ್ ಅಂತ ಒದೆಯುತ್ತದೆ, ಇಡೀ ಮೈ ತಿರುಗಿ ಬೀಳುತ್ತದೆ. ಆಮೇಲೆ ನಡುಕವಿಲ್ಲ. ಇದು ಅದುರುವುದೋ, ಚಿಮ್ಮುವುದೋ?

ಮಂ., ಉಡುಪಿ

ಎರಡೂ ಅಲ್ಲ, ಇದು ಕೀಲಿನ ಮಿತಿಯದ್ದು. ಮೊಣಕಾಲಿನ ಜಾಯಿಂಟ್ ತೆರೆದು ನೋಡಿ. ವಿಝಾರ್ಡ್ ಅದಕ್ಕೆ -80ರಿಂದ 0 ಡಿಗ್ರಿ ಕೊಟ್ಟಿರುತ್ತದೆ. 0 ಅಂದರೆ ಕೈ ಚಾಚಿ ನೇರ ನಿಂತ ಭಂಗಿ. ಜೋರಾಗಿ ಓಡುವ ಆ್ಯನಿಮೇಷನ್‌ನಲ್ಲಿ ಹಿಂದಿನ ಕಾಲಿನ ಹಿಮ್ಮಡಿ ಕುಂಡೆಯ ಹತ್ತಿರಕ್ಕೆ ಬರುತ್ತದೆ, ಮೊಣಕಾಲು 110 ಡಿಗ್ರಿ ಮಡಚಿರಬಹುದು. ಆ್ಯನಿಮೇಷನ್ ಮಿತಿಯನ್ನು ಕೇಳುವುದಿಲ್ಲ, ಜಾಯಿಂಟ್ ಕೇಳುತ್ತದೆ. ಆನ್ ಆದ ಕೂಡಲೇ 30 ಡಿಗ್ರಿ ಮಿತಿಮೀರಿದ್ದು ಕಾಣುತ್ತದೆ, ಕಾಲನ್ನು ಹಿಂದಕ್ಕೆ ತರಲು ಒಂದೇ ಏಟಿಗೆ ನೂಕುತ್ತದೆ. ನೀವೇ ಬರೆದಿದ್ದೀರಲ್ಲ, ‘ಒದೆಯುತ್ತದೆ’ ಎಂದು. ಅದನ್ನೇ ಪುಸ್ತಕದಲ್ಲಿ ಇಡಿ.

`Low Twist Limit` ಅನ್ನು -80ರಿಂದ -130ಕ್ಕೆ ಒಯ್ಯಿರಿ. ಮನುಷ್ಯರ ಮೊಣಕಾಲು ಅಷ್ಟು ಮಡಚುತ್ತದೆ, ಆದ್ದರಿಂದ ಬಿದ್ದಾಗಲೂ ವಿಕಾರ ಕಾಣುವುದಿಲ್ಲ. ಒಂದು ಎಚ್ಚರಿಕೆ: ಅಷ್ಟು ಮಡಚಿದಾಗ ಮೊಣಕಾಲ ಕೆಳಗಿನ ಕ್ಯಾಪ್ಸೂಲ್ ಸೊಂಟದ ಪೆಟ್ಟಿಗೆಯೊಳಗೆ ಹೊಕ್ಕಬಹುದು. ಅವೆರಡಕ್ಕೂ ನೇರ ಜಾಯಿಂಟ್ ಇಲ್ಲ, ಮತ್ತೆ ತೊಡೆಯ ಕಥೆಯೇ. ಕ್ಯಾಪ್ಸೂಲ್ ಅನ್ನು ಪಾದದ ಕಡೆ ಸ್ವಲ್ಪ ಮೊಟಕು ಮಾಡಿ.

ಇನ್ನೊಂದು. ಕೆಲವರು ಕುತ್ತಿಗೆ ಜಾಸ್ತಿ ಅಲ್ಲಾಡಬಾರದೆಂದು ಸ್ವಿಂಗ್ ಮಿತಿಯನ್ನು 2–3 ಡಿಗ್ರಿಗೆ ಇಳಿಸುತ್ತಾರೆ. ಅಷ್ಟು ಚಿಕ್ಕ ಕಿಂಡಿಯಲ್ಲಿ ಲೆಕ್ಕ ಈ ಗೋಡೆಗೂ ಆ ಗೋಡೆಗೂ ಬಡಿಯುತ್ತ ತಲೆ ಅದುರುತ್ತದೆ. 5ರಿಂದ 15 ಡಿಗ್ರಿಗಿಂತ ಕಡಿಮೆ ಬೇಕೆಂದರೆ ಸುಮ್ನೆ 0 ಇಟ್ಟುಬಿಡಿ, ಆ ಅಕ್ಷ ಪೂರ್ತಿ ಬಂದ್ ಆಗಿ ಗಟ್ಟಿ ನಿಲ್ಲುತ್ತದೆ. ಯೂನಿಟಿ ಕೈಪಿಡಿಯೂ ಇದನ್ನೇ ಹೇಳುತ್ತದೆ.

ಯಾವುದು ಯಾವುದೆಂದು ತಿಳಿಯದಿದ್ದರೆ ಹೀಗೆ ಮಾಡಿ. ರ್ಯಾಗ್‌ಡಾಲ್‌ನ ಭಾಗಗಳನ್ನೆಲ್ಲ ಒಂದೇ ಲೇಯರ್‌ಗೆ ಹಾಕಿ, `Layer Collision Matrix`ನಲ್ಲಿ ಆ ಲೇಯರ್ ತನ್ನೊಂದಿಗೇ ತಾಕುವ ಗುರುತನ್ನು ತೆಗೆದು ಆನ್ ಮಾಡಿ. ನಡುಕ ನಿಂತರೆ ತಪ್ಪು ಕೊಲೈಡರ್‌ಗಳದ್ದು. ನಿಲ್ಲದಿದ್ದರೆ ಜಾಯಿಂಟ್‌ಗಳ ಕಡೆ ನೋಡಿ.

ರಾ., ಬೆಂಗಳೂರು

ಈಗಷ್ಟೇ ಮಾಡಿ ನೋಡಿದೆ, ನಮ್ಮದರಲ್ಲೂ ತೊಡೆಗಳೇ. 20 ಇದ್ದರೂ ನಿಧಾನ ಮಾಡಿ ನೋಡಿದರೆ ಸಣ್ಣಗೆ ಅದುರುತ್ತಿವೆ. ಆದರೂ 20 ಅನ್ನು ತೆಗೆಯುವುದಿಲ್ಲ, ಬೆಟ್ಟದಿಂದ ಉರುಳುವಾಗ ಕೀಲುಗಳು ಗಟ್ಟಿ ಇರುತ್ತವೆ.

ಜ್ಯೋ., ಶಿವಮೊಗ್ಗ

ತಡವಾಗಿ ಬಂದೆ. ನನ್ನದೊಂದು ವಿಚಿತ್ರ. ಸತ್ತ ಶತ್ರುವಿನ ವಸ್ತುವನ್ನು ಆಫ್ ಮಾಡಿ ಎತ್ತಿಟ್ಟುಕೊಂಡು ಮತ್ತೆ ಅದನ್ನೇ ಆನ್ ಮಾಡಿ ಬಳಸುತ್ತೇನೆ. ಮೊದಲ ಸಲ ಚೆನ್ನಾಗಿ ಬೀಳುತ್ತದೆ. ಎರಡನೇ ಸಲ ಮೊಣಕಾಲು ಮುಂದಕ್ಕೆ ಮಡಚುತ್ತದೆ, ಕೊಕ್ಕರೆ ಕಾಲಿನ ಹಾಗೆ. ಮಿತಿಯ ಅಂಕಿಗಳು ಬದಲಾಗಿಲ್ಲ.

ಮಂ., ಉಡುಪಿ

ಜ್ಯೋ. ಅವರೇ, ಮಿತಿಯ 0 ಎಲ್ಲಿದೆ ಎಂಬುದು ಜಾಯಿಂಟ್ ಹುಟ್ಟಿದಾಗಿನ ಭಂಗಿಯಿಂದ ತೀರ್ಮಾನವಾಗುತ್ತದೆ. ವಸ್ತುವನ್ನು ಆಫ್ ಮಾಡಿ ಆನ್ ಮಾಡಿದಾಗ, ಕಾಲು ಮಡಚಿ ಬಿದ್ದಿದ್ದ ಭಂಗಿಯಲ್ಲೇ ಜಾಯಿಂಟ್ ಹೊಸದಾಗಿ ಹುಟ್ಟಿರಬೇಕು ಎಂದು ನನ್ನ ಅನುಮಾನ. ಎತ್ತಿಡುವ ಮೊದಲೇ ಮೂಳೆಗಳನ್ನೆಲ್ಲ ನೇರ ನಿಂತ ಭಂಗಿಗೆ ತಂದು, ಆಮೇಲೆ ಆಫ್ ಮಾಡಿ ನೋಡಿ. ಆಗಲೂ ಹಾಗೇ ಮಡಚಿದರೆ ಜಾಯಿಂಟ್‌ನ ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.

ಸು.ನಾ., ಮೈಸೂರು

ಅದುರು, ಚಿಮ್ಮು, ಒದೆ. ಮೂರನ್ನೂ ಬರೆದುಕೊಂಡೆ. ಜ್ಯೋ. ಅವರ ಕೊಕ್ಕರೆ ಕಾಲು ಸರಿಹೋದರೆ ತಿಳಿಸಿ, ಅಧ್ಯಾಯದಲ್ಲಿ ಅದಕ್ಕೂ ಜಾಗ ಬಿಟ್ಟಿದ್ದೇನೆ.